ಗುಂಯ್‌ಗುಡುವ ಮಂದಿರದಲ್ಲಿ ಒಂದು ಗೇಣಿನ ದೂರ

ಪುಣೆಯ ಕನ್ನಡದ ಮನೆಗಳಿಂದ ನನ್ನ ಮೊಬೈಲಿಗೆ ಆಗಾಗ ಮಂತ್ರಪಠಣದ ಧ್ವನಿಮುದ್ರಣಗಳು ಬರುತ್ತವೆ. ಊರಿಂದ ಬಂದ ಅಜ್ಜ ಬಡಾವಣೆಯ ಪ್ರಾರ್ಥನಾ ಮಂದಿರದಲ್ಲಿ ಕೂತು ರುದ್ರ ಹೇಳಿದ್ದಾರೆ, ಮೊಮ್ಮಕ್ಕಳು ಅದನ್ನು ಕೇಳಿ ಕಲಿಯಲಿ ಎಂದು ಮಗ ಮುದ್ರಿಸಿಕೊಂಡಿದ್ದಾನೆ. ಕೇಳುವುದಕ್ಕೆ ಬಹಳ ಗಂಭೀರವಾಗಿರುತ್ತದೆ. ಗ್ರಾನೈಟ್ ನೆಲ, ಅಮೃತಶಿಲೆಯ ಗೋಡೆ, ಎತ್ತರದ ಚಾವಣಿ ಎಲ್ಲ ಸೇರಿ ಒಬ್ಬ ಅಜ್ಜನ ದನಿ ಹತ್ತು ಜನರ ದನಿಯಂತೆ ಮೊಳಗುತ್ತದೆ. ಆದರೆ ಅದನ್ನಿಟ್ಟುಕೊಂಡು ಒಂದು ಅನುವಾಕವನ್ನೂ ಕಲಿಯಲಾಗುವುದಿಲ್ಲ.

ಆ ಮೊಳಗೇ ದೈವಿಕ, ಅದನ್ನು ಕಳೆದರೆ ಮಂತ್ರ ಬರಡಾಗುತ್ತದೆ ಎನ್ನುವವರು ಬಹಳ ಮಂದಿ. ನಾನು ಒಪ್ಪುವುದಿಲ್ಲ. ಮೊಳಗು ಕಟ್ಟಡದ್ದು, ಪಾಠ ಅಜ್ಜನದು. ಮಕ್ಕಳು ಕಲಿಯಬೇಕಾದದ್ದು ಅಜ್ಜನಿಂದ. ಅಜ್ಜನ ದನಿಯನ್ನು ಕಟ್ಟಡದಿಂದ ಬಿಡಿಸಿಕೊಳ್ಳಲು ಏಳೆಂಟು ನೂರು ರೂಪಾಯಿಯ ಕಾಲರ್ ಮೈಕ್ ಸಾಕು, ಅದನ್ನು ಸರಿಯಾದ ಜಾಗದಲ್ಲಿ ಸಿಕ್ಕಿಸಿದರೆ.

ಪುಣೆಯಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಕರ್ನಾಟಕದಿಂದ ಬಂದ ಯಜುರ್ವೇದಿಗಳಲ್ಲಿ ಹೆಚ್ಚಿನವರು ಕೃಷ್ಣ ಯಜುರ್ವೇದದ ತೈತ್ತಿರೀಯ ಶಾಖೆಯವರು. ಮಹಾರಾಷ್ಟ್ರದಲ್ಲಿ ಶುಕ್ಲ ಯಜುರ್ವೇದದ ಮಾಧ್ಯಂದಿನ ಶಾಖೆ ಬಲವಾಗಿದೆ. ಆ ಪದ್ಧತಿಯಲ್ಲಿ ಷಕಾರ ಅನೇಕ ಕಡೆ ಖಕಾರದಂತೆ ಕೇಳುತ್ತದೆ, ‘ಪುರುಷ’ ಎಂಬುದು ‘ಪುರುಖ’ ಆಗುತ್ತದೆ. ಅವರವರ ಶಾಖೆಗೆ ಅದದೇ ಸರಿ. ಆದರೆ ಸುತ್ತಲೂ ಒಂದು ಪಾಠ ಕೇಳುತ್ತಾ ಬೆಳೆಯುವ ಮಗುವಿಗೆ ತನ್ನ ಮನೆಯ ಪಾಠ ಸಿಗುವುದು ಅಜ್ಜನ ಬಾಯಿಂದ ಮಾತ್ರ. ಅಲ್ಲಿ ಬಂದದ್ದು ಷಕಾರವೋ ಶಕಾರವೋ ತಿಳಿಯದಿದ್ದರೆ ಮುದ್ರಿಸಿಕೊಂಡು ಏನು ಬಂತು?

ಪುಸ್ತಕ ನೋಡಿಕೊಂಡರಾಯಿತಲ್ಲ ಎನ್ನಬಹುದು. ಪುಸ್ತಕಕ್ಕೆ ಈ ಊರಿನಲ್ಲಿ ಕೊರತೆಯಿಲ್ಲ. ವಿಜಯನಗರದ ಕಾಲದ ಸಾಯಣರ ಭಾಷ್ಯದೊಡನೆ ಇಡೀ ಋಗ್ವೇದವನ್ನು 1933ರಿಂದ 1951ರವರೆಗೆ ಶೋಧಿಸಿ ಅಚ್ಚು ಹಾಕಿದ್ದು ಇಲ್ಲಿಯ ವೈದಿಕ ಸಂಶೋಧನ ಮಂಡಲವೇ. ಆದರೆ ಅಚ್ಚಿನಲ್ಲಿ ಅನುದಾತ್ತವೆಂದರೆ ಅಕ್ಷರದ ಕೆಳಗೊಂದು ಅಡ್ಡಗೆರೆ, ಸ್ವರಿತವೆಂದರೆ ಮೇಲೊಂದು ನಿಂತ ಗೆರೆ. ದನಿ ಎಷ್ಟು ಇಳಿಯಬೇಕು, ದೀರ್ಘಸ್ವರಿತದಲ್ಲಿ ಎಷ್ಟು ಹೊತ್ತು ನಿಂತು ಹೇಗೆ ಏರಬೇಕು ಎಂಬುದು ಗೆರೆಯಲ್ಲಿಲ್ಲ. ಅದನ್ನು ಕಿವಿಯಿಂದಲೇ ಹಿಡಿಯಬೇಕು.

ಗುಂಯ್‌ಗುಡುವ ಮಂದಿರ ಕೆಡಿಸುವುದು ಇದನ್ನೇ. ನನಗೆ ಗೊತ್ತಿರುವ ಒಂದು ಮಂದಿರ 12 ಮೀಟರ್ ಉದ್ದ, 8 ಮೀಟರ್ ಅಗಲ, ನಾಲ್ಕೂವರೆ ಮೀಟರ್ ಎತ್ತರವಿದೆ. ಖಾಲಿ ಇದ್ದಾಗ ಒಂದು ಚಪ್ಪಾಳೆ ಪೂರ್ತಿ ಸಾಯಲು ಸುಮಾರು ಎರಡೂವರೆ ಸೆಕೆಂಡು ಬೇಕು. ರುದ್ರವನ್ನು ನಿಧಾನವಾಗಿ ಹೇಳಿದರೂ ಸೆಕೆಂಡಿಗೆ ಮೂರು ಅಕ್ಷರವಾದರೂ ಹೋಗುತ್ತದೆ. ಲೆಕ್ಕ ಹಾಕಿದರೆ, ಒಂದು ಅಕ್ಷರ ಬಾಯಿಂದ ಹೊರಡುವಾಗ ಹಿಂದಿನ ಅಕ್ಷರದ ಮೊಳಗಿನಲ್ಲಿ ಆರನೇ ಒಂದು ಪಾಲು ಶಕ್ತಿ ಇನ್ನೂ ಗಾಳಿಯಲ್ಲಿರುತ್ತದೆ. ಹಿಂದಿನದು ಮೇಲಿನ ಸ್ವರ, ಈಗಿನದು ಕೆಳಗಿನ ಸ್ವರ ಎಂದುಕೊಳ್ಳಿ. ದೂರದಲ್ಲಿ ಕೂತವನಿಗೆ ಎರಡೂ ಒಟ್ಟಿಗೆ ಕೇಳುತ್ತವೆ, ಇಳಿತ ಮಸುಕಾಗುತ್ತದೆ. ತೈತ್ತಿರೀಯ ಪಾಠದಲ್ಲಿ ಅನುಸ್ವಾರಕ್ಕೆ ಬರುವ ‘ಗ್ಂ’ ಎಂಬ ಅನುನಾಸಿಕವಂತೂ ಮೊಳಗಿನಲ್ಲೇ ಕರಗಿಹೋಗುತ್ತದೆ. ಎದುರಿಗೆ ಕೂತ ಮನುಷ್ಯನಿಗೆ ಇದು ಅಷ್ಟು ತೊಂದರೆ ಕೊಡುವುದಿಲ್ಲ. ಎರಡು ಕಿವಿಗಳಿಂದ ದಿಕ್ಕು ಹಿಡಿದು ಮನಸ್ಸು ಮೊಳಗನ್ನು ಹಿಂದಕ್ಕೆ ತಳ್ಳುತ್ತದೆ. ಮೈಕಿಗೆ ಆ ಜಾಣತನವಿಲ್ಲ.

ಬಾಯಿಂದ ನೇರವಾಗಿ ಬರುವ ಸದ್ದು ದೂರ ಇಮ್ಮಡಿಯಾದಾಗ ಕಾಲು ಭಾಗಕ್ಕೆ ಇಳಿಯುತ್ತದೆ. ಗೋಡೆಗಳಿಂದ ತಿರುಗಿ ಬರುವ ಮೊಳಗಾದರೋ ಕೋಣೆಯ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹರಡಿರುತ್ತದೆ. ಹಾಗಾಗಿ ಎರಡೂ ಸಮನಾಗುವ ಒಂದು ದೂರವಿದ್ದೇ ಇರುತ್ತದೆ. ಅದನ್ನು ಅಂದಾಜು ಮಾಡುವ ಸೂತ್ರ ಇದು:

```
d = 0.057 × √(V / T)
```

V ಎಂದರೆ ಕೋಣೆಯ ಗಾತ್ರ, ಘನ ಮೀಟರಿನಲ್ಲಿ. T ಎಂದರೆ ಮೊಳಗು ಸಾಯುವ ಹೊತ್ತು, ಸೆಕೆಂಡಿನಲ್ಲಿ. ನಮ್ಮ ಮಂದಿರಕ್ಕೆ V 432, T 2.5, ಉತ್ತರ ಸುಮಾರು 75 ಸೆಂಟಿಮೀಟರ್. ಎರಡು ಮೀಟರ್ ದೂರದ ವ್ಯಾಸಪೀಠದ ಮೇಲೆ ಮೊಬೈಲ್ ಇಟ್ಟರೆ ಅಜ್ಜನ ನೇರ ದನಿ ಮೊಳಗಿನ ಏಳನೇ ಒಂದು ಪಾಲು ಮಾತ್ರ. ಬಾಯಿಂದ 20 ಸೆಂಟಿಮೀಟರ್‌ಗೆ, ಅಂದರೆ ಒಂದು ಗೇಣಿಗೆ, ಮೈಕ್ ತಂದರೆ ನೇರ ದನಿ ಮೊಳಗಿನ 14 ಪಟ್ಟು. ಇಷ್ಟು ವ್ಯತ್ಯಾಸವನ್ನು ಎರಡು ಮೀಟರ್ ದೂರದಲ್ಲಿಟ್ಟ ಮೂವತ್ತು ಸಾವಿರದ ಮೈಕೂ ಕೊಡಲಾರದು. ಅಗ್ಗದ ಮೈಕ್ ಗೆಲ್ಲುವುದು ಅದನ್ನು ಬಟ್ಟೆಗೆ ಸಿಕ್ಕಿಸಬಹುದು ಎಂಬ ಒಂದೇ ಕಾರಣಕ್ಕೆ.

ಆದರೆ ಯಾವ ಬಟ್ಟೆಗೆ? ಕಾಲರ್ ಮೈಕ್ ಅಂಗಿ ತೊಟ್ಟವರಿಗಾಗಿ ಮಾಡಿದ್ದು. ಪಂಚೆ ಉಟ್ಟು ಶಲ್ಯ ಹೊದ್ದ ಅಜ್ಜನಿಗೆ ಕಾಲರೇ ಇಲ್ಲ. ರೇಷ್ಮೆ ಶಲ್ಯ ಉಸಿರಾಟಕ್ಕೆಲ್ಲ ಸರಸರ ಎನ್ನುತ್ತದೆ, ಹತ್ತಿಯದು ವಾಸಿ. ಶಲ್ಯವನ್ನು ನಾಲ್ಕು ಮಡಿಕೆ ಮಾಡಿ ಎದೆಯ ನಡುವೆ ಬರುವಂತೆ ಹೊದಿಸಿ, ಅದರ ಅಂಚಿಗೆ ಬಾಯಿಂದ ಒಂದು ಗೇಣು ಕೆಳಗೆ ಮೈಕ್ ಸಿಕ್ಕಿಸಬೇಕು. ಮೈಕಿನ ತಲೆ ಬಟ್ಟೆಯಿಂದ ಹೊರಗಿರಲಿ, ಸ್ಪಂಜಿನ ಟೊಪ್ಪಿ ತೆಗೆಯಬೇಡಿ. ತಂತಿಯನ್ನು ಕ್ಲಿಪ್ಪಿನ ಕೆಳಗೆ ಒಂದು ಸಣ್ಣ ಸುತ್ತು ಮಾಡಿ ಟೇಪ್ ಹಚ್ಚಿದರೆ ಅದು ಎಳೆದಾಡುವ ಸದ್ದು ಮೈಕಿಗೆ ಹತ್ತುವುದಿಲ್ಲ. ರುದ್ರಾಕ್ಷಿ ಮಾಲೆ ಮೈಕಿಗೆ ಬಡಿಯುವ ‘ಟಕ್’ ಆಮೇಲೆ ಯಾವ ಉಪಾಯದಿಂದಲೂ ಹೋಗದು. ಮಾಲೆಯನ್ನು ತೆಗೆಯಿರಿ ಎಂದು ಹಿರಿಯರಿಗೆ ಹೇಳುವುದು ಮರ್ಯಾದೆಯಲ್ಲ. ಶಲ್ಯದ ಮಡಿಕೆಯ ಒಳಗೆ ಸೇರಿಸಿಕೊಳ್ಳಿ ಎಂದರೆ ಯಾರೂ ಬೇಡ ಎನ್ನುವುದಿಲ್ಲ.

ಗದ್ದದ ಕೆಳಗಿನ ಆ ಜಾಗಕ್ಕೂ ಒಂದು ದೋಷವಿದೆ. ಅಲ್ಲಿ ಎದೆಯ ಗುಂಜು ಹೆಚ್ಚು, ಶ ಷ ಸಗಳ ಹರಿತ ಕಡಿಮೆ. ಆ ಹರಿತ ಬಾಯಿಯ ಎದುರಿಗೆ ಹೊರಡುತ್ತದೆ, ಕೆಳಕ್ಕೆ ಅಷ್ಟಾಗಿ ಇಳಿಯುವುದಿಲ್ಲ. ಶಾಖೆಯ ಗುರುತೇ ಷಕಾರದಲ್ಲಿರುವಾಗ ಇದು ಸಣ್ಣ ವಿಷಯವಲ್ಲ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಎತ್ತಿ ಮಾಡಿದರಂತೂ ಸಾಲಿನ ನಡುವೆಯೇ ದನಿಯ ಬಣ್ಣ ಬದಲಾಗುತ್ತದೆ. ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತರಿಸಿಟ್ಟರೆ ಅರ್ಧ ಪರಿಹಾರ. ಉಳಿದರ್ಧ ಆಮೇಲೆ ಕಂಪ್ಯೂಟರಿನಲ್ಲಿ: Audacityಯ Filter Curve EQ ತೆರೆದು 4000ರಿಂದ 6000 ಹರ್ಟ್ಸ್ ನಡುವೆ ಮೂರು ನಾಲ್ಕು ಡೆಸಿಬೆಲ್ ಏರಿಸಿ, 700ರ ಸುತ್ತ ಎರಡು ಮೂರು ಇಳಿಸಿದರೆ ಷಕಾರ ಎದ್ದು ಬರುತ್ತದೆ.

ನನಗೆ ಬರುವ ಮುದ್ರಣಗಳಲ್ಲಿ ಕೆಲವು ಇನ್ನೂ ವಿಚಿತ್ರ. ಮೈಕ್ ಎದೆಯ ಮೇಲಿದೆ, ತಂತಿ ಮೊಬೈಲಿಗೆ ಸಿಕ್ಕಿದೆ, ಮುದ್ರಣವಾದದ್ದು ಮಾತ್ರ ಮೊಬೈಲಿನದೇ ಮೈಕಿನಿಂದ. ಕ್ಯಾಮೆರಾಕ್ಕೆಂದು ಮಾಡಿದ ಮೂರು ಪಟ್ಟಿಯ ಪ್ಲಗ್ ಆಗಿದ್ದರೆ ಅಥವಾ ಮೈಕಿನ ಸಂಪರ್ಕವಿಲ್ಲದ ಅಡಾಪ್ಟರ್ ಹಾಕಿದ್ದರೆ ಮೊಬೈಲ್ ಅದನ್ನು ಗುರುತಿಸದೆ ಸುಮ್ಮನೆ ತನ್ನ ಮೈಕನ್ನೇ ಬಳಸಿಕೊಳ್ಳುತ್ತದೆ. ಕಂಡುಹಿಡಿಯುವುದು ಸುಲಭ. ಹತ್ತು ಸೆಕೆಂಡು ಮುದ್ರಿಸುತ್ತಾ ಕಾಲರ್ ಮೈಕಿನ ತಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ, ಆಮೇಲೆ ಮೊಬೈಲಿನ ಬುಡವನ್ನು ಕೆರೆಯಿರಿ. ಯಾವುದು ಜೋರಾಗಿ ಕೇಳುತ್ತದೋ ಅದೇ ಕೆಲಸ ಮಾಡುತ್ತಿರುವ ಮೈಕ್.

ಮೊಬೈಲಿನ ಇನ್ನೊಂದು ಚಾಳಿ, ದನಿ ನಿಂತ ಕೂಡಲೇ ಮಟ್ಟವನ್ನು ತಾನೇ ಏರಿಸುವುದು. ಅನುವಾಕ ಮುಗಿದು ಅಜ್ಜ ಉಸಿರು ತೆಗೆದುಕೊಳ್ಳುವಾಗ ಮಂದಿರದ ಮೊಳಗು ಉಬ್ಬಿಕೊಂಡು ಮೇಲೆ ಬಂದರೆ ಇದೇ ಕಾರಣ. ಮಟ್ಟವನ್ನು ಕೈಯಿಂದ ನಿಲ್ಲಿಸಲು ಬಿಡುವ ಆ್ಯಪ್ ಬಳಸಿ, ಅತಿ ಜೋರಿನ ಅಕ್ಷರ −12 ಡೆಸಿಬೆಲ್ ದಾಟದಂತೆ ಇಟ್ಟು, WAV ಕಡತವಾಗಿ ಉಳಿಸಿ. ತಂತಿಯಿಲ್ಲದ ಅಗ್ಗದ ಮೈಕುಗಳಲ್ಲಿ ಗದ್ದಲ ಕಡಿಮೆ ಮಾಡುವ ಗುಂಡಿಯೊಂದಿರುತ್ತದೆ. ಅದನ್ನು ಆರಿಸಿಬಿಡಿ. ಎಳೆದ ಸ್ವರದ ಬಾಲವನ್ನೂ ವಿಸರ್ಗದ ಉಸಿರನ್ನೂ ಅದು ಗದ್ದಲವೆಂದೇ ಕತ್ತರಿಸುತ್ತದೆ.

ಮುದ್ರಿಸಿ ಆಮೇಲೆ ಮೊಳಗು ತೆಗೆಯೋಣ ಎಂಬ ಆಸೆಯೂ ಬೇಡ. Noise Reduction ಫ್ಯಾನಿನ ಸದ್ದಿನಂಥ ಒಂದೇ ಸಮನೆ ಇರುವುದನ್ನು ತಗ್ಗಿಸಬಲ್ಲದು. ಮೊಳಗು ಅಜ್ಜನದೇ ದನಿ, ತಡವಾಗಿ ಬಂದದ್ದು ಅಷ್ಟೇ. ಅದನ್ನು ಕೊಯ್ಯಲು ಹೋದರೆ ಮೂಲವೂ ಗಾಯಗೊಳ್ಳುತ್ತದೆ. ಆರು ಡೆಸಿಬೆಲ್‌ಗಿಂತ ಹೆಚ್ಚು ತಗ್ಗಿಸಿದ ಮುದ್ರಣಗಳಲ್ಲಿ ಅನುನಾಸಿಕಗಳು ನೀರಿನೊಳಗಿಂದ ಬಂದಂತೆ ಕೇಳಿದ್ದು ನನ್ನ ಕಿವಿಗೆ ಬಿದ್ದಿದೆ.

ಮೊದಲೇ ಮಾಡಬೇಕಾದ್ದು ಮಂದಿರವನ್ನು ಸ್ವಲ್ಪ ಮೆತ್ತಗಾಗಿಸುವುದು. ಮೇಲಿನ ಲೆಕ್ಕದ ಮಂದಿರದಲ್ಲಿ ನಲವತ್ತು ಜನ ಕೂತರೆ ಎರಡೂವರೆ ಸೆಕೆಂಡಿನ ಮೊಳಗು ಒಂದೂವರೆಯ ಹತ್ತಿರಕ್ಕೆ ಇಳಿಯುತ್ತದೆ. ಮೈ ಮತ್ತು ಬಟ್ಟೆ ಸದ್ದನ್ನು ಅಷ್ಟು ಹೀರುತ್ತವೆ. ಆದರೆ ನಲವತ್ತು ಜನ ಕೆಮ್ಮುತ್ತಾರೆ. ಅದರ ಬದಲು ಅಜ್ಜನ ಎದುರಿಗೆ ಒಂದು ಮೀಟರ್ ದೂರದಲ್ಲಿ ಹಗ್ಗ ಕಟ್ಟಿ ಎರಡು ದಪ್ಪ ಕಂಬಳಿ ಇಳಿಬಿಡಿ, ನೆಲಕ್ಕೆ ಜಮಖಾನೆ ಹಾಸಿ. ಕಂಬಳಿ ಎದುರಿಗಿರಬೇಕು, ಏಕೆಂದರೆ ದನಿ ಹೊರಡುವುದು ಆ ಕಡೆಗೆ. ಎರಡು ಬರಿಗೋಡೆಗಳ ನಡುಮಧ್ಯೆಯೂ ಗುಮ್ಮಟದ ನೇರ ಕೆಳಗೂ ಕೂರಿಸಬೇಡಿ. ಬೆಳಗಿನ ಐದಕ್ಕೆ, ರಸ್ತೆಯಲ್ಲಿ ರಿಕ್ಷಾಗಳು ಶುರುವಾಗುವ ಮುಂಚೆ, ಫ್ಯಾನ್ ಆರಿಸಿ ಮುದ್ರಿಸಿದರೆ ಎಷ್ಟೋ ಕೆಲಸ ತಪ್ಪುತ್ತದೆ. ನಮಕದ ಹನ್ನೊಂದು ಅನುವಾಕಗಳನ್ನು ಬೇರೆ ಬೇರೆ ಕಡತಗಳಾಗಿ ಮಾಡಿಕೊಂಡರೆ ಮಗುವಿಗೂ ಅನುಕೂಲ, ನಡುವೆ ನೀರು ಕುಡಿಯಲು ಅಜ್ಜನಿಗೂ ಅನುಕೂಲ.

ಈ ಉಪಾಯ ಒಬ್ಬರ ಪಠಣಕ್ಕೆ ಮಾತ್ರ. ಹತ್ತು ಜನ ಸೇರಿ ಹೇಳುವಾಗ ಒಬ್ಬರ ಶಲ್ಯಕ್ಕೆ ಸಿಕ್ಕಿಸಿದರೆ ಅವರ ದನಿ ಮುಂದೆ, ಉಳಿದ ಒಂಬತ್ತು ದನಿಗಳು ಮೊಳಗಿನಲ್ಲಿ. ಉತ್ಸವದ ನೆನಪಿಗೆ ಅದು ಸಾಕು, ಪಾಠಕ್ಕಲ್ಲ.

ಮಂದಿರದ ಮೊಳಗು ಬೇಕೇ ಬೇಕೆನ್ನುವ ಬಂಧುಗಳಿಗೂ ದಾರಿಯಿದೆ. ಸ್ವಚ್ಛ ಕಡತದ ಒಂದು ಪ್ರತಿ ತೆಗೆದು Audacityಯ Reverb ಹಾಕಿ ಮನೆಯ ವಾಟ್ಸಾಪ್ ಗುಂಪಿಗೆ ಕಳುಹಿಸಿ, ಎಲ್ಲರೂ ಕೈಮುಗಿಯುತ್ತಾರೆ. ಮೂಲದ WAV ಮಾತ್ರ ಮಗು ಕಲಿಯುವ ಮೊಬೈಲಿನಲ್ಲಿರಲಿ, ಮತ್ತೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ, ಹೆಸರಿನಲ್ಲಿ ಅನುವಾಕದ ಸಂಖ್ಯೆ ಮತ್ತು ಶಾಖೆ ಬರೆದು.