ತುಂಗೆ ಮನೆಗೆ ಬರುವ ಮೊದಲೇ ನಾವು ಮನೆ ಬಿಡೋಣ

ಶಿವಮೊಗ್ಗದ ಹೊಳೆದಂಡೆಯ ತಗ್ಗು ಬಡಾವಣೆಗಳ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹಿರಿಯರೇ,

2019ರ ಆಗಸ್ಟ್‌ನ ನೆರೆ ನಮಗ್ಯಾರಿಗೂ ಮರೆತಿಲ್ಲ. ಮಳೆಗಾಲ ಮತ್ತೆ ಬಂದಿದೆ. ಈ ಕರಪತ್ರವನ್ನು ಓದಿ, ಮನೆಯವರಿಗೆಲ್ಲ ಓದಿ ಹೇಳಿ, ಬಾಗಿಲ ಹಿಂದೆ ಅಂಟಿಸಿ.

ನೀರು ಎಲ್ಲಿಂದ ಬರುತ್ತದೆ?

ಊರಲ್ಲಿ ಮಳೆಯಿಲ್ಲ ಎಂದು ನೆಮ್ಮದಿಯಾಗಿರಬೇಡಿ. ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಹೊಡೆದರೆ ನೀರೆಲ್ಲ ಗಾಜನೂರಿಗೆ ಬರುತ್ತದೆ. ಅಲ್ಲಿನ ಅಣೆಕಟ್ಟು ಚಿಕ್ಕದು, ಸುಮಾರು 3.24 ಟಿಎಂಸಿ ಮಾತ್ರ ಹಿಡಿಯುತ್ತದೆ. ಅದು ತುಂಬಿದ ಮೇಲೆ ಒಳಗೆ ಬಂದಷ್ಟನ್ನೂ ಹೊಳೆಗೆ ಬಿಡಲೇಬೇಕು.

ಹೊಳೆ ದಂಡೆ ಮೀರುವವರೆಗೆ ಕಾಯುವುದೇ ದೊಡ್ಡ ತಪ್ಪು. ಹೊಳೆಯ ಮಟ್ಟ ರಾಜಕಾಲುವೆಯ ಬಾಯಿಗಿಂತ ಮೇಲಾದರೆ ಚರಂಡಿ ನೀರಿಗೆ ಹೋಗಲು ದಾರಿಯಿರುವುದಿಲ್ಲ, ಅದು ಹಿಂದಕ್ಕೆ ಒತ್ತಿಕೊಂಡು ಬರುತ್ತದೆ. ಬಚ್ಚಲ ತೂತಿನಲ್ಲಿ ಗುಳುಗುಳು ಸದ್ದು, ಶೌಚಾಲಯದಲ್ಲಿ ನೀರು ಇಳಿಯದಿರುವುದು, ಮೋರಿಯ ನೀರು ನಿಂತು ಹಿಮ್ಮುಖವಾಗಿ ಹರಿಯುವುದು ಇದರ ಗುರುತು. ಹೀಗಾಗಿ ಹೊಳೆ ದೂರದಲ್ಲಿದ್ದರೂ ನೀರು ಹಿತ್ತಲಿನಿಂದ ಮನೆಯೊಳಗೆ ಬರಬಹುದು.

ಯಾವಾಗ ಹೊರಡಬೇಕು?

ಕೋರ್ಪಲಯ್ಯನ ಛತ್ರದ ಬಳಿಯ ಮಂಟಪಕ್ಕೆ ನೀರು ಏರುತ್ತಿದ್ದರೆ ಚೀಲ ಸಿದ್ಧವಾಗಿರಲಿ. ಮಂಟಪ ಮುಳುಗಿದರೆ, ಬಚ್ಚಲಲ್ಲಿ ನೀರು ಉಕ್ಕಿದರೆ ಅಥವಾ ಪಾಲಿಕೆಯ ಧ್ವನಿವರ್ಧಕ ಕೂಗಿದರೆ, ಈ ಮೂರರಲ್ಲಿ ಯಾವುದು ಮೊದಲಾದರೂ ಹೊರಡಿ. ಕತ್ತಲಾಗುವ ಮೊದಲು ಹೊರಟರೆ ಒಳ್ಳೆಯದು. ರಾತ್ರಿ ಕರೆಂಟ್ ಹೋದ ಮೇಲೆ ಬಾಯ್ತೆರೆದ ಮೋರಿ ನೀರಿನಡಿ ಕಾಣುವುದಿಲ್ಲ.

ಹಾಸಿಗೆ ಹಿಡಿದವರು, ದಿನ ತುಂಬಿದ ಗರ್ಭಿಣಿಯರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮೊದಲ ಎಚ್ಚರಿಕೆಯಲ್ಲೇ ಎತ್ತರದಲ್ಲಿರುವ ನೆಂಟರ ಮನೆಗೆ ಹೋಗಲಿ.

ಚೀಲದಲ್ಲಿ ಏನಿರಬೇಕು?

ಒಂದು ಕೈಯಲ್ಲಿ ಮಗುವನ್ನೋ ಅಜ್ಜಿಯನ್ನೋ ಹಿಡಿದು ನಡೆಯಬೇಕು. ಹಾಗಾಗಿ ಬೆನ್ನಿಗೆ ಹಾಕುವ ಒಂದೇ ಚೀಲ ಸಾಕು.

- ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಹಕ್ಕುಪತ್ರ, ಮಕ್ಕಳ ಅಂಕಪಟ್ಟಿ: ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ಫೋನಿನಲ್ಲಿ ಇವುಗಳ ಫೋಟೋ ಇರಲಿ.
- ಬಿಪಿ, ಸಕ್ಕರೆ ಕಾಯಿಲೆ, ಫಿಟ್ಸ್ ಮಾತ್ರೆಗಳು ಒಂದು ವಾರಕ್ಕಾಗುವಷ್ಟು, ವೈದ್ಯರ ಚೀಟಿಯೊಂದಿಗೆ. ಓಆರ್‌ಎಸ್ ಪೊಟ್ಟಣ.
- ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು. ಅವಲಕ್ಕಿ, ಬೆಲ್ಲ, ಬಿಸ್ಕತ್ತು.
- ಟಾರ್ಚ್, ಚಾರ್ಜರ್, ಸ್ವಲ್ಪ ನಗದು.
- ಒಂದು ಜೊತೆ ಬಟ್ಟೆ, ಒಂದು ಹೊದಿಕೆ, ಸ್ಯಾನಿಟರಿ ಪ್ಯಾಡ್, ಕೂಸಿನ ಹಾಲಿನ ಪುಡಿ.

ಬಾಗಿಲು ಹಾಕುವ ಮೊದಲು

ನೆಲ ಒಣಗಿರುವಾಗಲೇ ಮೇನ್ ಸ್ವಿಚ್ ಇಳಿಸಿ. ನೀರು ನಿಂತಿದ್ದರೆ ಸ್ವಿಚ್ ಮುಟ್ಟಬೇಡಿ, 1912ಕ್ಕೆ ಫೋನ್ ಮಾಡಿ. ಗ್ಯಾಸ್ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ, ಸಿಲಿಂಡರನ್ನು ಕಿಟಕಿ ಸರಳಿಗೆ ಕಟ್ಟಿ. ತುಂಬಿದ ಸಿಲಿಂಡರ್ ಕೂಡ ನೀರಿನಲ್ಲಿ ತೇಲುತ್ತದೆ. ಬಚ್ಚಲು ಮತ್ತು ಶೌಚಾಲಯದ ತೂತಿನ ಮೇಲೆ ಮರಳು ತುಂಬಿದ ಚೀಲ ಇಡಿ. ದನ, ನಾಯಿಗಳ ಹಗ್ಗ ಬಿಚ್ಚಿ. ಪ್ರತಿ ಕೋಣೆಯ ಫೋಟೋ ತೆಗೆದುಕೊಳ್ಳಿ, ಹಾನಿಯ ಸಮೀಕ್ಷೆಗೆ ಬಂದಾಗ ಬೇಕಾಗುತ್ತದೆ.

ಎಲ್ಲಿ ಸೇರಬೇಕು?

ಮೊದಲು ನಿಮ್ಮ ಅಡ್ಡರಸ್ತೆ ಮುಖ್ಯರಸ್ತೆಗೆ ಸೇರುವ ಏರಿನ ತುದಿಗೆ ಬನ್ನಿ. ಅಲ್ಲಿಂದ ಎಲ್ಲರೂ ಒಟ್ಟಾಗಿ ಪಾಲಿಕೆ ತೆರೆದ ಕಾಳಜಿ ಕೇಂದ್ರಕ್ಕೆ ಹೋಗೋಣ. ಹೊಳೆಗೆ ಬೆನ್ನು ಮಾಡಿ ನಡೆಯಿರಿ, ಕಾಲುವೆ ಏರಿಯ ದಾರಿ ಬೇಡ.

ಒಂದು ಮನೆಯ ಲೆಕ್ಕ ನೋಡಿ. ಅಜ್ಜಿ, ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಸಂಜೆ ನಾಲ್ಕಕ್ಕೆ ಮಂಟಪ ಮುಳುಗಿದ ಸುದ್ದಿ ಬಂತು. ಅಮ್ಮ ಚೀಲ ಮತ್ತು ಮಕ್ಕಳೊಂದಿಗೆ ಅಜ್ಜಿಯನ್ನು ಆಟೋದಲ್ಲಿ ಕರೆದುಕೊಂಡು ಮೊದಲು ಹೊರಡುತ್ತಾಳೆ. ಅಪ್ಪ ಸ್ವಿಚ್, ಸಿಲಿಂಡರ್ ನೋಡಿಕೊಂಡು, ಪಕ್ಕದ ಒಂಟಿ ಹಿರಿಯರ ಬಾಗಿಲು ಬಡಿದು, ಅವರನ್ನೂ ಕರೆದುಕೊಂಡು ಐದರೊಳಗೆ ಏರಿನ ತುದಿಗೆ ಬರುತ್ತಾನೆ. ಐವರೂ, ಆ ಹಿರಿಯರೂ ಅಲ್ಲಿ ಹೆಸರು ಬರೆಸುತ್ತಾರೆ.

ನೆಂಟರ ಮನೆಗೆ ಹೋಗುವವರೂ ಹೆಸರು ಬರೆಸಿಯೇ ಹೋಗಿ. ಇಲ್ಲದಿದ್ದರೆ ನಿಮ್ಮನ್ನು ಹುಡುಕಲು ಯಾರೋ ನೀರಿಗಿಳಿಯುತ್ತಾರೆ. ಮರೆತ ಸಾಮಾನಿಗಾಗಿ ಯಾರೂ ವಾಪಸ್ ಹೋಗಬೇಡಿ.

ಮನೆಯಲ್ಲೇ ಸಿಕ್ಕಿಹಾಕಿಕೊಂಡರೆ ಹರಿಯುವ ನೀರಿಗೆ ಇಳಿಯಬೇಡಿ. ತಾರಸಿ ಹತ್ತಿ, 112 ಅಥವಾ ಜಿಲ್ಲಾ ನಿಯಂತ್ರಣ ಕೊಠಡಿ 1077ಕ್ಕೆ ಫೋನ್ ಮಾಡಿ. ಆಂಬುಲೆನ್ಸ್‌ಗೆ 108.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಪ್ರತಿ ಮನೆಯಿಂದ ಒಬ್ಬರು ನಿಮ್ಮ ಅಡ್ಡರಸ್ತೆಯ ಏರಿನ ತುದಿಗೆ ಬನ್ನಿ. ಪ್ರತಿ ಅಡ್ಡರಸ್ತೆಗೆ ಬಾಗಿಲು ಬಡಿಯುವ ಇಬ್ಬರನ್ನು ಆರಿಸೋಣ, ಎತ್ತಿಕೊಂಡು ಹೋಗಬೇಕಾದವರ ಪಟ್ಟಿ ಬರೆಯೋಣ. ಬರುವಾಗ ನಿಮ್ಮ ಚೀಲವನ್ನೂ ಕಟ್ಟಿಕೊಂಡೇ ಬನ್ನಿ.

— ನಿಮ್ಮ ನೆರೆಹೊರೆಯವರು