ಪ್ರೀಮಿಯಂಗೆ ಹಣ ಕಟ್ಟುವ ಮುನ್ನ



ಓದು ಮುಗಿಸಿ ಕೆಲಸ ಹುಡುಕುತ್ತಿರುವವರು, ಇರುವ ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗಬೇಕೆಂದಿರುವವರು ನಮ್ಮ ಸಂಘದಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮಲ್ಲಿ ಹೆಚ್ಚಿನವರಿಗೆ ಲಿಂಕ್ಡ್‌ಇನ್ ಖಾತೆಯೂ ಇದೆ. ಅದನ್ನು ತೆರೆದಾಗಲೆಲ್ಲ ಪ್ರೀಮಿಯಂ ತೆಗೆದುಕೊಳ್ಳಿ ಎಂಬ ಕರೆ ಕಾಣುತ್ತದೆ. ತಿಂಗಳು ತಿಂಗಳು ಹಣ ಕಟ್ಟಿದರೆ ಕೆಲಸ ಬೇಗ ಸಿಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಇದಕ್ಕೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿಲ್ಲ. ನಿಮ್ಮ ಕೆಲಸದ ಹುಡುಕಾಟ ಎಲ್ಲಿ ನಿಂತಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ಅದನ್ನು ಕಂಡುಕೊಳ್ಳುವ ಬಗೆಯನ್ನು ಈ ಸಲ ನೋಡೋಣ.

ಮೊದಲು, ಕೊಟ್ಟ ಹಣಕ್ಕೆ ಏನು ಬರುತ್ತದೆ ಎಂಬುದು ಸ್ಪಷ್ಟವಾಗಬೇಕು. ಕೆಲಸ ಹುಡುಕುವವರಿಗೆಂದು ಇರುವುದು ಪ್ರೀಮಿಯಂ ಕೆರಿಯರ್ ಎಂಬ ದರ್ಜೆ. ಅದರಲ್ಲಿ ಮುಖ್ಯವಾದವು ನಾಲ್ಕು. ಪರಿಚಯವಿಲ್ಲದವರಿಗೂ ನೇರವಾಗಿ ಬರೆಯಲು ತಿಂಗಳಿಗೆ ಐದು ಇನ್‌ಮೇಲ್ ಸಿಗುತ್ತವೆ. ನಿಮ್ಮ ಪ್ರೊಫೈಲನ್ನು ಯಾರು ಯಾರು ನೋಡಿದರು ಎಂಬ ಪಟ್ಟಿ ಪೂರ್ತಿಯಾಗಿ ಕಾಣುತ್ತದೆ. ಒಂದು ಕೆಲಸಕ್ಕೆ ಅರ್ಜಿ ಹಾಕಿದವರ ಓದು, ಅನುಭವಗಳ ಲೆಕ್ಕ ಕಾಣುತ್ತದೆ. ಜೊತೆಗೆ ಲಿಂಕ್ಡ್‌ಇನ್ ಲರ್ನಿಂಗ್ ಎಂಬ ಪಾಠಗಳು ಸಿಗುತ್ತವೆ.

ಇವುಗಳಲ್ಲಿ ಯಾವುದೂ ನಿಮ್ಮ ರೆಸ್ಯೂಮೆಯನ್ನು ತಿದ್ದಿ ಗಟ್ಟಿ ಮಾಡಿಕೊಡುವುದಿಲ್ಲ, ಸಂದರ್ಶನದಲ್ಲಿ ನಿಮ್ಮ ಪರವಾಗಿ ಉತ್ತರ ಹೇಳುವುದೂ ಇಲ್ಲ. ಎರಡನೆಯದು, ಮೂರನೆಯದು ಕೇವಲ ನೋಡುವ ಸೌಲಭ್ಯಗಳು. ಅವುಗಳಿಗೂ ಮಿತಿಯಿದೆ. ಗುಟ್ಟಾಗಿ ನೋಡುವ ಏರ್ಪಾಡು ಮಾಡಿಕೊಂಡು ಬಂದವರ ಹೆಸರು ಹಣ ಕೊಟ್ಟವರಿಗೂ ಕಾಣುವುದಿಲ್ಲ. ಇನ್ನು ಅರ್ಜಿದಾರರ ಸಂಖ್ಯೆ. ಅರ್ಜಿಯನ್ನು ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ತುಂಬಬೇಕಾದ ಕೆಲಸಗಳಿಗೆ ಅಲ್ಲಿ ಲೆಕ್ಕಕ್ಕೆ ಬರುವುದು ಗುಂಡಿ ಒತ್ತಿದವರು; ಅವರೆಲ್ಲ ಅರ್ಜಿ ಪೂರ್ತಿ ಮಾಡಿದವರೆಂದು ತಿಳಿಯಬೇಡಿ. ಇನ್ನೂರು ಮಂದಿ ಎಂದು ನೋಡಿ ಎದೆಗುಂದಿ ಹಿಂದೆ ಸರಿಯುವವರಿದ್ದಾರೆ. ಅದಕ್ಕಾಗಿ ಹೇಳಿದೆ.

ಈಗ ನಿಮ್ಮ ಹುಡುಕಾಟಕ್ಕೆ ಬನ್ನಿ. ಅದು ಮೂರು ಕಡೆ ನಿಲ್ಲಬಹುದು. ಒಂದು, ಯಾರೂ ನಿಮ್ಮನ್ನು ಹುಡುಕಿಕೊಂಡು ಬರುತ್ತಿಲ್ಲ. ನಿಮ್ಮ ಪ್ರೊಫೈಲ್ ನೋಡುವವರೇ ಇಲ್ಲ. ಎರಡು, ಅರ್ಜಿ ಹಾಕುತ್ತಿದ್ದೀರಿ, ಆದರೆ ಕರೆ ಬರುತ್ತಿಲ್ಲ. ಮೂರು, ಸಂದರ್ಶನಕ್ಕೆ ಕರೆ ಬರುತ್ತಿದೆ, ಆದರೆ ಆಯ್ಕೆಯಾಗುತ್ತಿಲ್ಲ. ಮೊದಲನೆಯದಕ್ಕೆ ಮದ್ದು ಹೆಸರಿನ ಕೆಳಗೆ ನೀವು ಬರೆದುಕೊಂಡಿರುವ ಒಂದು ಸಾಲಿನಲ್ಲಿ ಮತ್ತು ಕೆಲಸದ ವಿವರದಲ್ಲಿದೆ. ಅದನ್ನು ತಿದ್ದಲು ಕಾಸು ಬೇಡ. ಎಷ್ಟು ಮಂದಿ ನೋಡಿದರು ಎಂಬ ಸಂಖ್ಯೆ ಉಚಿತ ಖಾತೆಯಲ್ಲೇ ಕಾಣುವುದರಿಂದ, ತಿದ್ದಿದ್ದು ಫಲಿಸಿತೇ ಎಂಬುದೂ ಎರಡು ವಾರದಲ್ಲಿ ತಿಳಿಯುತ್ತದೆ. ಮೂರನೆಯದಕ್ಕೆ ಬೇಕಾದದ್ದು ಅಭ್ಯಾಸ, ಪ್ರೀಮಿಯಂ ಅಲ್ಲ. ಉಳಿದದ್ದು ಎರಡನೆಯದು. ಅಲ್ಲಿಯೂ, ಅರ್ಜಿಯ ರಾಶಿಯನ್ನು ದಾಟಿ ಒಬ್ಬ ವ್ಯಕ್ತಿಗೆ ನೇರವಾಗಿ ಬರೆಯಬೇಕಾಗಿ ಬಂದಾಗ ಮಾತ್ರ ಇನ್‌ಮೇಲ್ ಕೆಲಸಕ್ಕೆ ಬರುತ್ತದೆ. ಅಂಥ ವ್ಯಕ್ತಿಗಳು ಎಷ್ಟು ಮಂದಿ? ಈ ಒಂದು ಸಂಖ್ಯೆ ಸಿಕ್ಕರೆ ತೀರ್ಮಾನ ತಾನಾಗಿಯೇ ಆಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪುಣೆಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಬಿ.ಕಾಂ. ಮುಗಿಸಿ ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಮೂರು ವರ್ಷದಿಂದ ಇದ್ದಾಳೆ. ಬೆಂಗಳೂರಿನಲ್ಲಿ ಫೈನಾನ್ಸ್ ಅನಲಿಸ್ಟ್ ಕೆಲಸ ಹಿಡಿಯಬೇಕೆಂದು ಅವಳ ಆಸೆ. ಅಜ್ಜಿ ಅಲ್ಲಿದ್ದಾರೆ, ನೋಡಿಕೊಳ್ಳುವವರು ಬೇಕು. ಎರಡು ತಿಂಗಳಲ್ಲಿ ನಲವತ್ತು ಅರ್ಜಿ ಹಾಕಿದ್ದಾಳೆ. ಕರೆ ಬಂದದ್ದು ಎರಡೇ. ಪ್ರೀಮಿಯಂ ತೆಗೆದುಕೊಳ್ಳಲೇ ಎಂದು ಯೋಚಿಸುತ್ತಿದ್ದಾಳೆ.

ಅವಳ ಪ್ರೊಫೈಲಿನಲ್ಲಿ ಹೆಸರಿನ ಕೆಳಗೆ ‘ಅಕೌಂಟ್ಸ್ ಎಕ್ಸಿಕ್ಯುಟಿವ್’ ಎಂದಷ್ಟೇ ಇದೆ. ನಿಜವಾಗಿ ಅವಳು ಮಾಡುವುದೇನು? ಪ್ರತಿ ಬಿಡಿಭಾಗದ ತಯಾರಿಕಾ ವೆಚ್ಚ ಕಟ್ಟುತ್ತಾಳೆ. ಬಜೆಟ್ಟಿಗೂ ಆದ ಖರ್ಚಿಗೂ ಇರುವ ವ್ಯತ್ಯಾಸದ ವರದಿಯನ್ನು ತಿಂಗಳು ತಿಂಗಳು ಬರೆಯುತ್ತಾಳೆ. ಫೈನಾನ್ಸ್ ಅನಲಿಸ್ಟ್ ಬೇಕೆನ್ನುವವರು ಹುಡುಕುವ ಪದಗಳೇ ಇವು. ಆದರೆ ಅವು ಅವಳ ರೆಸ್ಯೂಮೆಯಲ್ಲೂ ಇಲ್ಲ, ಪ್ರೊಫೈಲಿನಲ್ಲೂ ಇಲ್ಲ. ಹೀಗಿರುವಾಗ ಹಣ ಕೊಟ್ಟು ಇನ್ನೂ ಹೆಚ್ಚು ಜನಕ್ಕೆ ಅದನ್ನೇ ತೋರಿಸಿದರೆ ಇನ್ನೂ ಹೆಚ್ಚು ಜನ ಬೇಡವೆಂದಾರು, ಅಷ್ಟೆ. ಆದ್ದರಿಂದ ಮೊದಲ ಎರಡು ವಾರ ಅವಳು ಮಾಡಬೇಕಾದದ್ದು ಈ ತಿದ್ದುಪಡಿ.

ಆಮೇಲೆ ಒಂದು ಹಾಳೆ ತೆಗೆದುಕೊಂಡು, ತನಗೆ ಒಪ್ಪುವ ಆರು ಕಂಪನಿಗಳನ್ನು ಬರೆದು, ಒಂದೊಂದರಲ್ಲೂ ತಾನು ಮಾತಾಡಬೇಕಾದ ಇಬ್ಬಿಬ್ಬರನ್ನು ಗುರುತಿಸುತ್ತಾಳೆ. ಒಟ್ಟು ಹನ್ನೆರಡು ಮಂದಿ. ಈಗ ಒಬ್ಬೊಬ್ಬರ ಹೆಸರಿನ ಮುಂದೆ, ಇವರನ್ನು ಹಣವಿಲ್ಲದೆ ಮುಟ್ಟುವ ದಾರಿ ಇದೆಯೇ ಎಂದು ನೋಡಬೇಕು.

ಮೊದಲ ದಾರಿ ಅವಳ ಕಾಲೇಜು. ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಪುಟ ತೆರೆದು Alumni ಎಂಬುದನ್ನು ಒತ್ತಿದರೆ, ಹಳೆಯ ವಿದ್ಯಾರ್ಥಿಗಳು ಯಾವ ಊರಿನಲ್ಲಿ, ಯಾವ ಕಂಪನಿಯಲ್ಲಿ, ಯಾವ ವಿಭಾಗದಲ್ಲಿ ಇದ್ದಾರೆಂದು ಬೇರ್ಪಡಿಸಿ ನೋಡಬಹುದು. ಇದು ಉಚಿತ. ಊರು ಬೆಂಗಳೂರು, ವಿಭಾಗ ಫೈನಾನ್ಸ್ ಎಂದು ಆರಿಸಿದಾಗ ಅವಳ ಪಟ್ಟಿಯ ಐದು ಮಂದಿ ಅಲ್ಲೇ ಸಿಕ್ಕರು ಎನ್ನಿ. ಅವರಿಗೆ ಪರಿಚಯದ ಕೋರಿಕೆ ಕಳಿಸಬಹುದು. ಕೋರಿಕೆಯ ಜೊತೆ ನಾಲ್ಕು ಮಾತು ಬರೆಯಲು ಉಚಿತ ಖಾತೆಗೆ ತಿಂಗಳಿಗೆ ಕೆಲವೇ ಅವಕಾಶಗಳಿವೆ. ಅವನ್ನು ಕಂಡಕಂಡವರಿಗೆ ಕಳೆಯದೆ ಇಂಥವರಿಗೆಂದೇ ಉಳಿಸಿಕೊಳ್ಳಬೇಕು. ಅವರು ಒಪ್ಪಿದ ಮೇಲೆ ಪತ್ರಕ್ಕೆ ತಡೆಯಿಲ್ಲ.

ಎರಡನೆಯ ದಾರಿ ನಡುವಿನವರು. ಹನ್ನೆರಡರಲ್ಲಿ ಮೂವರಿಗೂ ಅವಳಿಗೂ ಒಬ್ಬ ಸಾಮಾನ್ಯ ಪರಿಚಯಸ್ಥರಿದ್ದಾರೆ. ಒಬ್ಬರು ಹಳೆಯ ಸಹೋದ್ಯೋಗಿ, ಇನ್ನೊಬ್ಬರು ಸಂಘದ ಹಿರಿಯರು. ಅವರಿಗೆ ಫೋನ್ ಮಾಡಿ, ‘ಇಂಥವರಿಗೆ ನನ್ನ ಬಗ್ಗೆ ಒಂದು ಮಾತು ಹೇಳಿ’ ಎಂದು ಕೇಳುವುದು ಯಾವ ಇನ್‌ಮೇಲ್‌ಗಿಂತಲೂ ಹೆಚ್ಚು ತೂಕದ್ದು. ಮೂರನೆಯ ದಾರಿ, ತಮ್ಮ ಖಾತೆಯನ್ನು ಎಲ್ಲರಿಗೂ ತೆರೆದಿಟ್ಟಿರುವ ಪ್ರೀಮಿಯಂ ಸದಸ್ಯರು. ಅಂಥವರಿಗೆ ಯಾರು ಬೇಕಾದರೂ ಖರ್ಚಿಲ್ಲದೆ ಬರೆಯಬಹುದು. ಪಟ್ಟಿಯಲ್ಲಿ ಹಾಗೆ ಒಬ್ಬರಿದ್ದಾರೆ.

ಐದು, ಮೂರು, ಒಂದು, ಒಟ್ಟು ಒಂಬತ್ತು. ಉಳಿದವರು ಮೂವರು. ಇವರಿಗೆ ಮಾತ್ರ ಹಣದ ಬಾಗಿಲು ಬೇಕು. ತಿಂಗಳಿಗೆ ಬರುವ ಇನ್‌ಮೇಲ್ ಐದು. ಅಂದರೆ ಅವಳಿಗೆ ಬೇಕಾದದ್ದು ಒಂದು ತಿಂಗಳಿನ ಪ್ರೀಮಿಯಂ, ಅಷ್ಟೇ.

ಈಗ ಲೆಕ್ಕ. ಬೆಲೆ ಒಬ್ಬೊಬ್ಬರಿಗೆ, ಒಂದೊಂದು ಕಾಲಕ್ಕೆ ಬೇರೆ ಬೇರೆಯಾಗಿ ಕಾಣುವುದುಂಟು. ನಿಮ್ಮ ಪರದೆಯ ಮೇಲಿನದೇ ನಿಮ್ಮ ಬೆಲೆ. ಲೆಕ್ಕಕ್ಕಾಗಿ ತಿಂಗಳಿಗೆ 1,500 ರೂಪಾಯಿ ಎಂದುಕೊಳ್ಳೋಣ. ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಸೇರಿದರೆ 1,770. ಒಂದು ತಿಂಗಳು ಇಟ್ಟುಕೊಂಡು ಐದು ಪತ್ರ ಬರೆದರೆ ಪತ್ರಕ್ಕೆ 354 ರೂಪಾಯಿ ಬೀಳುತ್ತದೆ. ಅದೇ ಐದು ಪತ್ರ ಬರೆದು, ನಿಲ್ಲಿಸಲು ಮರೆತು ಆರು ತಿಂಗಳು ಬಿಟ್ಟರೆ 10,620 ರೂಪಾಯಿ ಹೋಯಿತು. ಪತ್ರಕ್ಕೆ 2,124 ರೂಪಾಯಿ. ಸೌಲಭ್ಯ ಒಂದೇ, ಬೆಲೆ ಆರುಪಟ್ಟು.

ಇನ್‌ಮೇಲ್ ಬಳಸುವಾಗ ಎರಡು ನಿಯಮ ನೆನಪಿಡಿ. ಪತ್ರ ಪಡೆದವರು 90 ದಿನದೊಳಗೆ ಉತ್ತರ ಕೊಟ್ಟರೆ ಆ ಒಂದು ಇನ್‌ಮೇಲ್ ನಿಮಗೆ ಮರಳಿ ಬರುತ್ತದೆ. ಆದರೆ ಅವರು ಉತ್ತರಿಸುವ ತನಕ ಅದೇ ವ್ಯಕ್ತಿಗೆ ಎರಡನೆಯದನ್ನು ಕಳಿಸುವಂತಿಲ್ಲ. ಆದ್ದರಿಂದ ಮೊದಲ ಪತ್ರವೇ ಸರಿಯಾಗಿರಬೇಕು. ‘ನನಗೊಂದು ಕೆಲಸ ಕೊಡಿಸಿ’ ಎಂದು ಬರೆದರೆ ಉತ್ತರ ಬರುವುದು ಅಪರೂಪ. ನಮ್ಮ ಹುಡುಗಿ ಬರೆಯಬೇಕಾದದ್ದು ಆರೇಳು ಸಾಲು: ತಾನು ಯಾರು, ಅವರ ವಿಭಾಗದ ಯಾವ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ, ಆ ಕೆಲಸಕ್ಕೆ ನೇರವಾಗಿ ಹೊಂದುವ ತನ್ನ ಒಂದು ಅನುಭವ ಯಾವುದು, ಮತ್ತು ಅವರು ಎರಡು ಸಾಲಿನಲ್ಲಿ ಉತ್ತರಿಸಬಹುದಾದ ಒಂದು ಪ್ರಶ್ನೆ. ಮೂವರಿಗೂ ಒಂದೇ ಪತ್ರ ನಕಲು ಮಾಡಿ ಕಳಿಸಿದರೆ ಓದುವವರಿಗೆ ಅದು ತಿಳಿದುಹೋಗುತ್ತದೆ.

ಒಂದು ತಿಂಗಳ ಉಚಿತ ಅವಧಿ ನಿಮಗೆ ಕಾಣುತ್ತಿದ್ದರೆ ಈ ಖರ್ಚೂ ಇಲ್ಲ. ಆದರೆ ಒಮ್ಮೆ ಬಳಸಿದ ಮೇಲೆ ಒಂದು ವರ್ಷದ ತನಕ ಮತ್ತೆ ಅದು ಸಿಗುವುದಿಲ್ಲ. ಹೆಚ್ಚಿನವರು ಕುತೂಹಲಕ್ಕೆ ಇಂದೇ ಒತ್ತಿ, ರೆಸ್ಯೂಮೆ ತಿದ್ದುವುದರಲ್ಲೇ ಆ ತಿಂಗಳು ಕಳೆಯುತ್ತಾರೆ. ಪಟ್ಟಿ ಸಿದ್ಧವಾಗಿ, ಮೂರು ಪತ್ರಗಳ ಕರಡು ಕೈಯಲ್ಲಿದ್ದ ದಿನ ಒತ್ತುವುದು ಜಾಣತನ.

ಶುರು ಮಾಡಿದ ದಿನವೇ ನಿಲ್ಲಿಸುವ ದಿನವನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ. ಅವಧಿ ಮುಗಿಯುವುದಕ್ಕೆ ಕಡೇಪಕ್ಷ ಒಂದು ದಿನ ಮೊದಲು ರದ್ದು ಮಾಡಬೇಕು. ಐಫೋನಿನ ಆ್ಯಪ್ ಮೂಲಕ ಆ್ಯಪಲ್‌ಗೆ ಹಣ ಕಟ್ಟಿದ್ದರೆ ರದ್ದು ಮಾಡುವುದೂ ಆ್ಯಪಲ್ ಖಾತೆಯಲ್ಲೇ. ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಕಾಣದೆ ಬಿಟ್ಟು, ಹಣ ಹೋಗುತ್ತಲೇ ಇರುವುದುಂಟು. ರದ್ದಾದ ಮೇಲೆ ಉಳಿದ ಇನ್‌ಮೇಲ್‌ಗಳೂ ಹೋಗುತ್ತವೆ. ಹಾಗಾಗಿ ಪತ್ರಗಳನ್ನು ಮೊದಲ ವಾರದಲ್ಲೇ ಕಳಿಸಿಬಿಡಿ. ತಾನಾಗಿ ಹಣ ಕಡಿತವಾಗುವುದಕ್ಕೆ 24 ಗಂಟೆ ಮೊದಲು ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಬ್ಯಾಂಕಿನಿಂದ ಬಂದ ಆ ಸಂದೇಶವನ್ನು ಓದದೆ ಅಳಿಸಬೇಡಿ.

ಎರಡನೆಯ ತಿಂಗಳು ಮುಂದುವರಿಸಬೇಕೇ? ಮೂರನೆಯ ವಾರದಲ್ಲಿ ನೋಡಿ. ಒಂದು ಇನ್‌ಮೇಲನ್ನೂ ಕಳಿಸಿಲ್ಲವಾದರೆ ನಿಮಗೆ ಅದು ಬೇಕಿರಲಿಲ್ಲ. ಕಳಿಸಿದ್ದೀರಿ, ಯಾರಿಂದಲೂ ಉತ್ತರವಿಲ್ಲ ಎಂದರೆ ಕೊರತೆ ಪತ್ರದಲ್ಲೋ ಪ್ರೊಫೈಲಿನಲ್ಲೋ ಇದೆ. ಇನ್ನೂ ಐದು ಕೊಂಡರೆ ಅದು ತೀರದು. ಉತ್ತರಗಳು ಬಂದಿವೆ, ಪಟ್ಟಿಯಲ್ಲಿ ಬೇರೆ ದಾರಿಯಿಲ್ಲದ ಹೆಸರುಗಳು ಇನ್ನೂ ನಾಲ್ಕೈದು ಉಳಿದಿವೆ ಎಂದರೆ ಮಾತ್ರ ಮುಂದುವರಿಸಿ. ಅಂಥವರಿಗೆ ಅದು ದುಬಾರಿಯಲ್ಲ.

ನಿಮ್ಮ ಹನ್ನೆರಡು ಹೆಸರುಗಳನ್ನು ಈ ವಾರ ಬರೆದು ನೋಡಿ. ಉಚಿತ ದಾರಿ ಇರುವ ಹೆಸರುಗಳನ್ನು ಹೊಡೆದುಹಾಕಿ. ಹಾಳೆಯಲ್ಲಿ ಯಾರೂ ಉಳಿಯದಿದ್ದರೆ ಆ ಹಣ ಬೆಂಗಳೂರಿಗೆ ಹೋಗಿಬರುವ ರೈಲು ಟಿಕೀಟಿಗೆ ಆದೀತು.