ಪೌತಿ ಖಾತೆ: ಅರ್ಜಿ ನಿಲ್ಲೋದು ಕಚೇರಿಯಲ್ಲಲ್ಲ, ವಂಶವೃಕ್ಷದಲ್ಲಿ

ತಂದೆ ತೀರಿಕೊಂಡು ಹತ್ತು ವರ್ಷವಾದರೂ ಪಹಣಿಯಲ್ಲಿ ಅವರದೇ ಹೆಸರು. ತಾಲ್ಲೂಕಿನ ಯಾವ ಹಳ್ಳಿಗೆ ಹೋದರೂ ಇಂಥ ನಾಲ್ಕು ಮನೆ ಸಿಗುತ್ತವೆ. ತೋಟ ನೋಡಿಕೊಳ್ಳುವವರು ಮಕ್ಕಳು, ಕಾಯಿ ಇಳಿಸುವವರು ಮಕ್ಕಳು, ದಾಖಲೆಯಲ್ಲಿ ಮಾತ್ರ ಇಲ್ಲದವರ ಹೆಸರು. ಬೆಳೆ ಸಾಲಕ್ಕೆ ಹೋದಾಗ, ಬೆಳೆ ಪರಿಹಾರ ಬಂದಾಗ, ಬೆಂಬಲ ಬೆಲೆಯಲ್ಲಿ ಕೊಬ್ಬರಿ ಕೊಡಲು ಫ್ರೂಟ್ಸ್ ಐಡಿ ಕೇಳಿದಾಗ ಇದು ನೆನಪಾಗುತ್ತದೆ. ಪಹಣಿಗೆ ಆಧಾರ್ ಜೋಡಿಸುವ ಕೆಲಸ ಶುರುವಾದ ಮೇಲಂತೂ ಸತ್ತವರ ಹೆಸರಿನ ಜಮೀನುಗಳೆಲ್ಲ ಎದ್ದು ಕಾಣತೊಡಗಿದವು. ಅದರ ಬೆನ್ನಿಗೇ ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಆಂದೋಲನ ಆರಂಭಿಸಿ, ಗ್ರಾಮ ಆಡಳಿತಾಧಿಕಾರಿಗಳನ್ನು ಮನೆ ಬಾಗಿಲಿಗೇ ಕಳಿಸುವ ವ್ಯವಸ್ಥೆ ಮಾಡಿತು.

ಆದರೂ ಅರ್ಜಿಗಳು ನಿಲ್ಲುತ್ತಿವೆ. "ಆಫೀಸಿನೋರು ಓಡಾಡಿಸ್ತಾರೆ" ಅನ್ನೋದು ಸಾಮಾನ್ಯ ದೂರು. ಅದು ಪೂರ್ತಿ ಸುಳ್ಳಲ್ಲ. ಆದರೆ ನಿಂತ ಅರ್ಜಿಯ ಕಾಗದ ಬಿಚ್ಚಿ ನೋಡಿದರೆ ಕಾರಣ ಹೆಚ್ಚಾಗಿ ಒಂದೇ ಕಡೆ ಇರುತ್ತದೆ: ವಂಶವೃಕ್ಷದಲ್ಲಿ ಯಾರೋ ಬಿಟ್ಟುಹೋಗಿರುತ್ತಾರೆ. ಬಿಟ್ಟುಹೋದವರು ಬಹುಪಾಲು ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಇಲ್ಲವೇ ತೀರಿಹೋದ ಮಗಳ ಮಕ್ಕಳು.

ಉದಾಹರಣೆಗೆ ತಿಪಟೂರು ಕಡೆಯ ಒಂದು ಕುಟುಂಬ ಅಂದುಕೊಳ್ಳೋಣ. ಯಜಮಾನರು ತಾವೇ ದುಡಿದು ಕೊಂಡ 2 ಎಕರೆ 10 ಗುಂಟೆ ತೆಂಗಿನ ತೋಟ. ಅವರು ತೀರಿಕೊಂಡದ್ದು 2016ರಲ್ಲಿ, ವಿಲ್ ಬರೆದಿಲ್ಲ. ಈಗ ಹೆಂಡತಿ ಇದ್ದಾರೆ. ಇಬ್ಬರು ಗಂಡುಮಕ್ಕಳು, ಒಬ್ಬರು ತೋಟ ನೋಡಿಕೊಳ್ಳುತ್ತಾರೆ, ಇನ್ನೊಬ್ಬರದು ಸಂತೆ ಬೀದಿಯಲ್ಲಿ ಅಂಗಡಿ. ಒಬ್ಬ ಮಗಳು ಅರಸೀಕೆರೆಗೆ ಮದುವೆಯಾಗಿ ಹೋಗಿದ್ದಾರೆ. ಇನ್ನೊಬ್ಬ ಮಗಳು ತಂದೆಗಿಂತ ಮೊದಲೇ, 2012ರಲ್ಲಿ ತೀರಿಕೊಂಡರು. ಅವರಿಗೆ 20 ವರ್ಷದ ಮಗ, 15 ವರ್ಷದ ಮಗಳು.

ಅಣ್ಣತಮ್ಮಂದಿರ ಲೆಕ್ಕ ಸರಳ: ಅಮ್ಮ, ನಾವಿಬ್ಬರು. ತಂಗಿಗೆ ಮದುವೆಯಲ್ಲೇ ಕೊಟ್ಟಾಗಿದೆ, ಅಕ್ಕ ಇಲ್ಲ. ಹೀಗಂತ ಮೂರು ಹೆಸರಿನ ವಂಶವೃಕ್ಷ ಬರೆಸಿ ಅರ್ಜಿ ಹಾಕುತ್ತಾರೆ.

ಕಾನೂನಿನ ಲೆಕ್ಕ ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್ ಇಲ್ಲದೆ ತೀರಿಕೊಂಡ ಗಂಡಸಿನ ಸ್ವಯಾರ್ಜಿತ ಆಸ್ತಿಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರೂ ಮೊದಲ ಸಾಲಿನ ವಾರಸುದಾರರು. ಮೊದಲೇ ತೀರಿಹೋದ ಮಗಳ ಪಾಲು ಅವರ ಮಕ್ಕಳಿಗೆ ಇಳಿಯುತ್ತದೆ, ಅಳಿಯನಿಗೆ ಅಲ್ಲ. ಈ ಮನೆಯಲ್ಲಿ ಯಜಮಾನರ ತಾಯಿ ಇಲ್ಲದ್ದರಿಂದ ಐದು ಪಾಲು. 2 ಎಕರೆ 10 ಗುಂಟೆ ಅಂದರೆ 90 ಗುಂಟೆ. ಅಮ್ಮನಿಗೆ 18, ಇಬ್ಬರು ಗಂಡುಮಕ್ಕಳಿಗೆ ತಲಾ 18, ಅರಸೀಕೆರೆಯ ಮಗಳಿಗೆ 18, ಉಳಿದ 18ರಲ್ಲಿ ತೀರಿಹೋದ ಮಗಳ ಇಬ್ಬರು ಮಕ್ಕಳಿಗೆ ತಲಾ 9. ವಂಶವೃಕ್ಷದಲ್ಲಿ ಇರಬೇಕಾದ ವಾರಸುದಾರರು ಮೂವರಲ್ಲ, ಆರು ಜನ. ಮದುವೆಯಲ್ಲಿ ಕೊಟ್ಟ ಒಡವೆ, ದುಡ್ಡು ಈ ಲೆಕ್ಕಕ್ಕೆ ಬರಲ್ಲ.

ಜಮೀನು ಪಿತ್ರಾರ್ಜಿತವಾದರೆ ಗುಂಟೆ ಲೆಕ್ಕ ಬದಲಾಗುತ್ತದೆ. ಆದರೆ ಹೆಣ್ಣುಮಕ್ಕಳನ್ನು ಬಿಡೋಕೆ ಅಲ್ಲೂ ದಾರಿ ಇಲ್ಲ. 2005ರ ತಿದ್ದುಪಡಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿತು. ಆ ಹಕ್ಕಿಗೆ ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳ ವಾರಸಿಗೆ ಅವರವರ ಕಾನೂನು ಬೇರೆ ಇದೆ.

ಬೇಕಾದ ಕಾಗದ ಯಾವುವು?

ಪಟ್ಟಿ ಉದ್ದವೇನಿಲ್ಲ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ ಪ್ರಮಾಣಪತ್ರ, ಮೃತರ ಹೆಸರಿನಲ್ಲಿರುವ ಎಲ್ಲಾ ಸರ್ವೆ ನಂಬರಿನ ಪಹಣಿ, ವಾರಸುದಾರರೆಲ್ಲರ ಆಧಾರ್ ಮತ್ತು ಆಧಾರ್‌ಗೆ ಜೋಡಿಸಿದ ಮೊಬೈಲ್. ಇ-ಪೌತಿಯಲ್ಲಿ ವಾರಸುದಾರರ ಗುರುತನ್ನು ಆಧಾರ್ ಓಟಿಪಿ ಮೂಲಕವೇ ಖಚಿತಪಡಿಸಿಕೊಳ್ಳುವುದರಿಂದ ನಂಬರ್ ಬದಲಾಗಿದ್ದರೆ ಮೊದಲು ಅದನ್ನು ಸರಿ ಮಾಡಿಸಿಕೊಳ್ಳಬೇಕು.

ಮರಣ ಪತ್ರದಲ್ಲಿ ಎರಡು ತೊಂದರೆ ಸಾಮಾನ್ಯ. ಒಂದು, ಸಾವನ್ನು ನೋಂದಾಯಿಸದೇ ಇರುವುದು. 21 ದಿನದೊಳಗೆ ಬರೆಸಿದರೆ ಶುಲ್ಕವೇ ಇಲ್ಲ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಮೊದಲು ಇದಕ್ಕೆ ಕೋರ್ಟಿಗೆ ಹೋಗಬೇಕಿತ್ತು, 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ಮತ್ತು ಉಪವಿಭಾಗ ಮ್ಯಾಜಿಸ್ಟ್ರೇಟ್ ಮಟ್ಟಕ್ಕೆ ತಂದಿದೆ. ಇನ್ನೊಂದು, ಹೆಸರಿನ ವ್ಯತ್ಯಾಸ. ಪಹಣಿಯಲ್ಲಿ "ತಿಮ್ಮಯ್ಯ ಬಿನ್ ರಂಗಪ್ಪ", ಮರಣ ಪತ್ರದಲ್ಲಿ "ತಿಮ್ಮಪ್ಪ". ಊರಿಗೆಲ್ಲ ಒಬ್ಬರೇ ಅಂತ ಗೊತ್ತು, ಕಂಪ್ಯೂಟರಿಗೆ ಇಬ್ಬರು. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್, ಜೊತೆಗೆ ಹಳೆಯ ಕ್ರಯಪತ್ರ, ಮತದಾರರ ಗುರುತಿನ ಚೀಟಿಯಂಥ ದಾಖಲೆಯನ್ನು ಅರ್ಜಿ ಹಾಕುವ ಮೊದಲೇ ಸಿದ್ಧ ಮಾಡಿಕೊಂಡರೆ ಎರಡು ಓಡಾಟ ಉಳಿಯುತ್ತದೆ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಅಜ್ಜನದು, ಅಪ್ಪನದು ಎರಡೂ ಮರಣ ಪತ್ರ ಬೇಕು. ವಂಶವೃಕ್ಷವನ್ನೂ ಅಜ್ಜನಿಂದಲೇ ಶುರು ಮಾಡಬೇಕು. ಆಗ ಅತ್ತೆಯಂದಿರು, ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು ಎಲ್ಲರೂ ಸಾಲಿಗೆ ಬರುತ್ತಾರೆ. ತಡ ಮಾಡಿದಷ್ಟೂ ಮರ ದೊಡ್ಡದಾಗುತ್ತೆ ಅನ್ನೋದು ಇದಕ್ಕೇ.

ವಂಶವೃಕ್ಷಕ್ಕೆ ನೋಟರಿ ಮಾಡಿಸಿದ ಅಫಿಡವಿಟ್ ಕೊಡಬೇಕು. ಗ್ರಾಮ ಆಡಳಿತಾಧಿಕಾರಿ ಊರಿನಲ್ಲಿ ವಿಚಾರಿಸಿ, ಅಕ್ಕಪಕ್ಕದವರನ್ನು ಕೇಳಿ ಮಹಜರು ಮಾಡುತ್ತಾರೆ. ಮೂರೇ ಹೆಸರು ಕೊಟ್ಟ ನಮ್ಮ ಉದಾಹರಣೆಯ ಅರ್ಜಿ ಇಲ್ಲೇ ಸಿಕ್ಕಿಬೀಳುವ ಸಂಭವ ಹೆಚ್ಚು. ಇಲ್ಲಿ ದಾಟಿದರೂ ಮುಂದೆ ನೋಟಿಸ್ ಇದೆ. ಅರ್ಜಿ ಭೂಮಿ ತಂತ್ರಾಂಶಕ್ಕೆ ಹೋದ ಮೇಲೆ ನಮೂನೆ 21ರ ನೋಟಿಸ್ ಹೊರಡುತ್ತದೆ. ಅದನ್ನು ಸಂಬಂಧಪಟ್ಟವರಿಗೆ ಕೊಡಬೇಕು, ಚಾವಡಿಯಲ್ಲಿ ಅಂಟಿಸಬೇಕು. ತಕರಾರಿಗೆ ಎಷ್ಟು ದಿನ ಅನ್ನೋದು ನೋಟಿಸಿನಲ್ಲೇ ಇರುತ್ತದೆ. ತಕರಾರು ಬಾರದಿದ್ದರೆ ರೆವಿನ್ಯೂ ಇನ್ಸ್‌ಪೆಕ್ಟರ್ ಮ್ಯುಟೇಶನ್ ದೃಢೀಕರಿಸುತ್ತಾರೆ. ಬಂದರೆ ಅದು ತಕರಾರು ಪ್ರಕರಣಗಳ ವಹಿಗೆ ಹೋಗಿ ವಿಚಾರಣೆ ಶುರುವಾಗುತ್ತದೆ. ತಿಂಗಳಲ್ಲಿ ಮುಗಿಯೋ ಕೆಲಸ ವರ್ಷಕ್ಕೆ ಎಳೆಯೋದು ಇಲ್ಲಿಂದ.

ಹೆಸರು ಸೇರಿದರೆ ತೋಟ ಒಡೆಯುತ್ತಾ?

ಹೆಣ್ಣುಮಕ್ಕಳ ಹೆಸರು ಬಿಡೋದರ ಹಿಂದೆ ದುರಾಸೆಗಿಂತ ಭಯವೇ ಹೆಚ್ಚು ಅನ್ನಬೇಕು. ಹೆಸರು ಸೇರಿದ ಕೂಡಲೇ ತೋಟ ಆರು ತುಂಡಾಗುತ್ತೆ ಅಂತ ಜನ ತಿಳಿದಿದ್ದಾರೆ. ಹಾಗಾಗಲ್ಲ. ಪೌತಿಯಲ್ಲಿ ಆಗೋದು ಜಂಟಿ ಖಾತೆ ಮಾತ್ರ. ಮೃತರ ಹೆಸರಿನ ಜಾಗದಲ್ಲಿ ವಾರಸುದಾರರ ಹೆಸರು ಒಟ್ಟಾಗಿ ಕೂರುತ್ತದೆ. ಯಾರಿಗೆ ಯಾವ ಮೂಲೆ ಅನ್ನೋದು ಪೌತಿಯಲ್ಲಿ ತೀರ್ಮಾನವಾಗಲ್ಲ. ಬೇರೆ ಬೇರೆ ಆಗಬೇಕಾದರೆ ಮುಂದೆ 11ಇ ನಕ್ಷೆ ಮಾಡಿಸಿ ವಿಭಾಗ ಪತ್ರ ನೋಂದಾಯಿಸಬೇಕು, ಅದು ಪ್ರತ್ಯೇಕ ಕೆಲಸ.

ತಂಗಿಗೆ ನಿಜವಾಗಿ ಪಾಲು ಬೇಡವಾಗಿದ್ದರೆ ಅದಕ್ಕೂ ನೇರ ದಾರಿ ಇದೆ. ಮೊದಲು ಆಕೆಯ ಹೆಸರು ಸೇರಲಿ, ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಲಿ. "ನಂಗೇನೂ ಬೇಡ ಅಣ್ಣ" ಅಂತ ಹಬ್ಬದ ದಿನ ಹೇಳಿದ ಮಾತಾಗಲಿ, ಬಾಂಡ್ ಪೇಪರಿನಲ್ಲಿ ಬರೆಸಿ ಬೀರುವಿನಲ್ಲಿಟ್ಟ ಕಾಗದವಾಗಲಿ ನಡೆಯಲ್ಲ. ನೂರು ರೂಪಾಯಿಗಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ನೋಂದಣಿ ಆಗಲೇಬೇಕು.

ಆದರೆ ಈ ದಾರಿ ನಮ್ಮ ಉದಾಹರಣೆಯ 15 ವರ್ಷದ ಹುಡುಗಿಗೆ ಇಲ್ಲ. ಅಪ್ರಾಪ್ತರ ಹೆಸರನ್ನು ಪೋಷಕರ ಮೂಲಕ ಸೇರಿಸಬಹುದು. ಆಕೆಯ 9 ಗುಂಟೆ ಬಿಟ್ಟುಕೊಡಲು ಮಾತ್ರ ಹೆತ್ತ ಅಪ್ಪನಿಗೂ ಕೋರ್ಟಿನ ಅನುಮತಿ ಬೇಕು. ಅಪ್ಪ ತಾನೇ ಸಹಿ ಹಾಕಿಕೊಟ್ಟರೆ, ಹುಡುಗಿ ಪ್ರಾಯಕ್ಕೆ ಬಂದ ಮೇಲೆ ಅದನ್ನು ರದ್ದು ಮಾಡಿಸಬಹುದು.

ಹೆಸರು ಬಿಟ್ಟು ಹೇಗೋ ಖಾತೆ ಮಾಡಿಸಿಕೊಂಡವರಿಗೂ ನೆಮ್ಮದಿ ಇಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆಯ 136ನೇ ಕಲಮಿನ ಪ್ರಕಾರ ಬಿಟ್ಟುಹೋದ ವಾರಸುದಾರರು ವಿಷಯ ಗೊತ್ತಾದ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಅದನ್ನೂ ಬಿಟ್ಟು ಸಿವಿಲ್ ಕೋರ್ಟಿನಲ್ಲಿ ವಿಭಾಗದ ದಾವೆ ಹೂಡಬಹುದು. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರಲ್ಲ, ಅದು ಕಂದಾಯದ ಉದ್ದೇಶಕ್ಕೆ ಮಾತ್ರ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಹೆಸರು ಬಿಟ್ಟುಹೋದವರ ಹಕ್ಕೂ ಅಷ್ಟಕ್ಕೇ ಅಳಿಸಿಹೋಗಲ್ಲ. ಇಬ್ಬರು ಅಣ್ಣತಮ್ಮಂದಿರಿಂದ ಜಾಗ ಕೊಂಡು ಮಳಿಗೆ ಕಟ್ಟಲು ಹೊರಟ ವ್ಯಾಪಾರಸ್ಥರಿಗೂ ಇದು ಸಂಬಂಧಿಸಿದ ಮಾತು. ಪಹಣಿ ಒಂದನ್ನೇ ನೋಡಿ ಅಡ್ವಾನ್ಸ್ ಕೊಡದೆ, ಪೌತಿಯ ಎಂ.ಆರ್. ನಂಬರ್ ಹಿಡಿದು ಅದರ ಹಿಂದಿನ ವಂಶವೃಕ್ಷದ ನಕಲು ಕೇಳಬೇಕು. ಮಾರುವವರ ಅಕ್ಕತಂಗಿಯರು ಎಷ್ಟು ಜನ ಅನ್ನೋದು ಊರಲ್ಲಿ ಒಂದು ಟೀ ಕುಡಿಯುವಷ್ಟರಲ್ಲಿ ಗೊತ್ತಾಗುತ್ತೆ.

ವಾರಸಿನಿಂದ ಬಂದ ಹಕ್ಕನ್ನು ಮೂರು ತಿಂಗಳೊಳಗೆ ತಿಳಿಸಬೇಕು ಎಂದು ಕಾಯ್ದೆಯ 128ನೇ ಕಲಮು ಹೇಳುತ್ತದೆ. ದಾಟಿದರೆ ಹಕ್ಕು ಹೋಗಲ್ಲ, ಅರ್ಜಿಯನ್ನೂ ತಗೊಳ್ತಾರೆ. ವಿಲ್ ಇದ್ದರೆ ಅದನ್ನೂ ಅರ್ಜಿಯ ಜೊತೆಗೇ ಕೊಡಬೇಕು. ಆ ವಿಲ್ ಬಗ್ಗೆಯೇ ಜಗಳ ಎದ್ದರೆ ತೀರ್ಮಾನ ಸಿವಿಲ್ ಕೋರ್ಟಿನದು, ತಹಶೀಲ್ದಾರರದಲ್ಲ.

ಅಂಗಡಿ ಇಟ್ಟಿರುವ ತಮ್ಮನ ವಿಷಯ ಉಳಿಯಿತು. ಸಂತೆ ಬೀದಿಯ ಆ ಜಾಗವೂ ತಂದೆಯ ಹೆಸರಿನಲ್ಲೇ ಇದ್ದರೆ, ತೋಟದ ಪೌತಿ ಆದ ಮಾತ್ರಕ್ಕೆ ಅದು ಬದಲಾಗಲ್ಲ. ಗ್ರಾಮ ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತು ದಾಖಲೆಗೆ ಪಂಚಾಯ್ತಿಯಲ್ಲಿ, ಪಟ್ಟಣವಾದರೆ ಇ-ಖಾತೆಗೆ ಪುರಸಭೆ ಅಥವಾ ನಗರಸಭೆಯಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಮರಣ ಪತ್ರ, ವಂಶವೃಕ್ಷ ಅವೇ ಆಗುತ್ತವೆ, ಹಾಗಾಗಿ ಒಂದೆರಡು ಪ್ರತಿ ಹೆಚ್ಚಿಗೆ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ತೋಟದ ಹೊಸ ಪಹಣಿ ಕೈಗೆ ಬಂದಾಗ ಮೂರು ಕಾಲಂ ನೋಡಬೇಕು. 9ರಲ್ಲಿ ಆರೂ ಹೆಸರು ಆಧಾರ್‌ನಲ್ಲಿರುವ ಹಾಗೇ ಇವೆಯಾ, 10ರಲ್ಲಿ ಪೌತಿ ಅಂತ ಎಂ.ಆರ್. ನಂಬರ್ ಸಮೇತ ಬಂದಿದೆಯಾ, 11ರಲ್ಲಿ ತಂದೆಯ ಕಾಲದ ಸಾಲ ಇನ್ನೂ ಕೂತಿದೆಯಾ. ಸಾಲ ತೀರಿದ್ದರೂ 11ರಲ್ಲಿ ಉಳಿದಿದ್ದರೆ, ಬ್ಯಾಂಕ್ ಅಥವಾ ಸೊಸೈಟಿಯಿಂದ ಬಾಕಿ ಇಲ್ಲದ ಪತ್ರ ತಂದು ತೆಗೆಸಬೇಕು. ಪೌತಿ ಜೊತೆಗೆ ಅದು ತಾನಾಗೇ ಹೋಗಲ್ಲ.